ಮೂರು ಸಂಖ್ಯೆಗಳಲ್ಲಿ ಯಾವುದು ನಿಜ? ಮಣ್ಣು ಪರೀಕ್ಷೆಯ ವರದಿಯನ್ನು ಮಾಲೀಕರಿಗೆ ತಿಳಿಸುವ ಬಗೆ

ಪ್ರಶ್ನೆ: ನಾನು ಮಣ್ಣು ಪರೀಕ್ಷೆ ನಡೆಸುವ ಸಂಸ್ಥೆಯೊಂದರಲ್ಲಿ ಎರಡು ವರ್ಷಗಳಿಂದ ಎಂಜಿನಿಯರ್ ಆಗಿದ್ದೇನೆ. ಮೂರು ಅಂತಸ್ತಿನ ಕಟ್ಟಡಕ್ಕಾಗಿ ನಾವು ಕೊಟ್ಟ 46 ಪುಟಗಳ ವರದಿಯನ್ನು ನೋಡಿದ ಮಾಲೀಕರು, "ಇದರಲ್ಲಿ 517, 172, 120 ಎಂದು ಮೂರು ಸಂಖ್ಯೆಗಳಿವೆ, ಯಾವುದು ನಿಜ? ನನಗೆ ಅರ್ಥವಾಗುವ ಹಾಗೆ ಎರಡು ಪುಟದಲ್ಲಿ ಬರೆದುಕೊಡಿ" ಎಂದಿದ್ದಾರೆ. ವರದಿಯ ಮುಖ್ಯ ಪುಟಗಳನ್ನು ಜೊತೆಗಿಟ್ಟಿದ್ದೇನೆ. ಏನನ್ನು ಬಿಡಬಹುದು, ಏನನ್ನು ಬಿಡಲೇಬಾರದು?

ಉತ್ತರ: ವರದಿಯನ್ನು ನಾವು ಕೆಲಸ ನಡೆದ ಕ್ರಮದಲ್ಲೇ ಬರೆಯುತ್ತೇವೆ. ಮೊದಲು ನಿವೇಶನದ ವಿವರ, ಆಮೇಲೆ ಬೋರ್ ಕೊರೆದ ಬಗೆ, ಪದರಗಳ ವರ್ಣನೆ, ಪ್ರಯೋಗಾಲಯದ ಫಲಿತಾಂಶ, ಲೆಕ್ಕಾಚಾರ, ಎಲ್ಲಕ್ಕೂ ಕೊನೆಗೆ ಶಿಫಾರಸು. ಎಂಜಿನಿಯರುಗಳಿಗೆ ಈ ಕ್ರಮ ಸರಿಯಾದದ್ದು, ಏಕೆಂದರೆ ಅವರು ಪ್ರತಿಯೊಂದು ಹೆಜ್ಜೆಯನ್ನೂ ಪರಿಶೀಲಿಸಬೇಕಾಗುತ್ತದೆ. ಮಾಲೀಕರಿಗೆ ಬೇಕಾದದ್ದು ಕೊನೆಯ ನಾಲ್ಕು ಪುಟಗಳಲ್ಲಿರುತ್ತದೆ ಮತ್ತು ಅಲ್ಲಿಗೆ ತಲುಪುವ ಹೊತ್ತಿಗೆ ಅವರು ದಣಿದಿರುತ್ತಾರೆ. ಆದ್ದರಿಂದ ಸಾರಾಂಶವನ್ನು ಕೊನೆಯಿಂದ ಆರಂಭಿಸಿರಿ. ಪಾಯ ಎಷ್ಟು ಆಳಕ್ಕೆ ಹೋಗಬೇಕು, ಯಾವ ಮಣ್ಣಿನ ಮೇಲೆ ಕೂರಬೇಕು, ಆ ಮಣ್ಣಿನ ಮೇಲೆ ಎಷ್ಟು ಭಾರ ಹಾಕಬಹುದು, ನಿವೇಶನದ ಯಾವ ಭಾಗ ಉಳಿದದ್ದರಂತಿಲ್ಲ, ಕೆಲಸ ಶುರುವಾದ ಮೇಲೆ ಇನ್ನೂ ಏನನ್ನು ನೋಡಿ ಖಚಿತಪಡಿಸಿಕೊಳ್ಳಬೇಕು ಎಂಬ ಐದು ಸಂಗತಿಗಳು ಮೊದಲ ಪುಟದಲ್ಲಿ ಬರಲಿ. ಅವುಗಳಿಗೆ ಕಾರಣ ಹೇಳಲು ಎಷ್ಟು ಬೇಕೋ ಅಷ್ಟೇ ವಿವರ ಎರಡನೆಯ ಪುಟಕ್ಕೆ ಹೋಗಲಿ. ತೇವಾಂಶ, ದ್ರವಮಿತಿ, ಕಣಗಾತ್ರದ ರೇಖಾಚಿತ್ರ, ಯಂತ್ರದ ಮಾದರಿ ಇವೆಲ್ಲ ವರದಿಯಲ್ಲೇ ಉಳಿಯಲಿ. ಅವನ್ನು ಬಿಟ್ಟರೆ ಮಾಲೀಕರು ಕಳೆದುಕೊಳ್ಳುವುದು ಏನೂ ಇಲ್ಲ.

ನೀವು ಕಳಿಸಿರುವ ಪುಟಗಳಿಂದ ನನಗೆ ತಿಳಿದದ್ದು ಇಷ್ಟು. ಕಟ್ಟಡದ ಅಳತೆ 18 ಮೀಟರ್‌ಗೆ 12 ಮೀಟರ್, ಕಾಲಂಗಳ ನಡುವಿನ ಅಂತರ ಒಂದು ದಿಕ್ಕಿನಲ್ಲಿ 4.5 ಮೀಟರ್, ಒಳಗಿನ ಕಾಲಂ ಒಂದೊಂದರ ಮೇಲೆ ಬರುವ ಭಾರ ಸುಮಾರು 460 ಕಿಲೋನ್ಯೂಟನ್, ಅಂದರೆ ಹತ್ತಿರ ಹತ್ತಿರ 47 ಟನ್. 10 ಮೀಟರ್ ಆಳದ ಮೂರು ಬೋರ್‌ಗಳನ್ನು ಕೊರೆಯಲಾಗಿದೆ. ಒಂದು ಮತ್ತು ಎರಡನೆಯ ಬೋರ್‌ಗಳಲ್ಲಿ ಮೇಲಿನ 1.2 ಮೀಟರ್ ಸಡಿಲ ಭರ್ತಿ ಮಣ್ಣು, ಅದರ ಕೆಳಗೆ 6 ಮೀಟರ್‌ವರೆಗೆ ಕೆಂಗಂದು ಬಣ್ಣದ ಬಿಗಿಯಾದ ಜೇಡಿಮಣ್ಣು, ಅದರ ಕೆಳಗೆ ಗಟ್ಟಿ ಮರಳು. ಮೂರನೆಯ ಬೋರ್‌ನಲ್ಲಿ ಮಾತ್ರ ಭರ್ತಿಯು 2.8 ಮೀಟರ್‌ವರೆಗೆ ಇಳಿದಿದೆ. ಅದು ಕಪ್ಪು ಮಣ್ಣು, ಒಳಗೆ ಇಟ್ಟಿಗೆ ಚೂರು ಮತ್ತು ಕೊಳೆತ ಬೇರುಗಳಿವೆ. ನೀರು 3.4 ಮೀಟರ್ ಆಳದಲ್ಲಿ ಸಿಕ್ಕಿದೆ, ಅದೂ ಬೇಸಗೆಯಲ್ಲಿ. ನಿಮ್ಮ ಸಾರಾಂಶದ ತಿರುಳೆಲ್ಲ ಈ ಕೆಲವು ಸಾಲುಗಳಲ್ಲೇ ಇದೆ.

ಈಗ ಆ ಮೂರು ಸಂಖ್ಯೆಗಳ ವಿಷಯ. ಮೂರೂ ನಿಜ ಎಂದು ಉತ್ತರಿಸಿದರೆ ಅದು ಸರಿಯಾದ ಉತ್ತರ, ಆದರೆ ಮಾಲೀಕರಿಗೆ ಅದರಿಂದ ಪ್ರಯೋಜನವಿಲ್ಲ. ಅವು ಹುಟ್ಟಿದ ದಾರಿಯನ್ನು ಮೊದಲು ನೀವೇ ಸರಳ ಮಾತಿನಲ್ಲಿ ಹೇಳಿಕೊಂಡು ನೋಡಿರಿ. ಜೇಡಿಮಣ್ಣಿನ ಕತ್ತರಿ ಬಲ, ಅಂದರೆ ಜಾರದಂತೆ ತಡೆದುಕೊಳ್ಳುವ ಶಕ್ತಿ, 75 ಕಿಲೋಪ್ಯಾಸ್ಕಲ್ ಎಂದು ಪರೀಕ್ಷೆಯಲ್ಲಿ ಬಂದಿದೆ. 1.5 ಮೀಟರ್ ಆಳದಲ್ಲಿ ಕೂತ, 2 ಮೀಟರ್ ಚೌಕದ ಫೂಟಿಂಗ್‌ಗೆ, ಅಂದರೆ ಕಾಲಂನ ಭಾರವನ್ನು ಮಣ್ಣಿಗೆ ಹರಡುವ ಪಾಯದ ಅಗಲ ತಳಕ್ಕೆ, ಸ್ಕೆಂಪ್ಟನ್ ಸೂತ್ರದಂತೆ ಗುಣಕ 6.9. ಎರಡನ್ನೂ ಗುಣಿಸಿದರೆ ಸುಮಾರು 517. ಫೂಟಿಂಗ್‌ನ ಕೆಳಗಿನ ಮಣ್ಣು ತಡೆಯಲಾರದೆ ಪಕ್ಕಕ್ಕೆ ಜಾರಿ ಮೇಲಕ್ಕುಬ್ಬುವ ಒತ್ತಡ ಅದು. ಅದನ್ನು 3ರಿಂದ ಭಾಗಿಸಿದಾಗ ಬಂದದ್ದು 172. ಮಣ್ಣು ಮುರಿಯದಂತೆ ಸಾಕಷ್ಟು ಅಂತರ ಕಾಯ್ದುಕೊಂಡ ಒತ್ತಡ ಇದು. ಆದರೆ ಮುರಿಯದ ಮಣ್ಣೂ ಭಾರ ಬಿದ್ದಾಗ ಅದುಮಿಕೊಳ್ಳುತ್ತದೆ. 172 ಕಿಲೋಪ್ಯಾಸ್ಕಲ್ ಹಾಕಿದರೆ ಈ ಜೇಡಿಪದರ ಸುಮಾರು 35 ಮಿಲಿಮೀಟರ್ ಅದುಮಿಕೊಳ್ಳುತ್ತದೆ ಎಂದು ನಿಮ್ಮ ಲೆಕ್ಕ ಹೇಳುತ್ತದೆ. ಇಂಥ ಕಟ್ಟಡಗಳಿಗೆ ಸಾಮಾನ್ಯವಾಗಿ ಒಪ್ಪುವ ಮಿತಿ 25 ಮಿಲಿಮೀಟರ್. ಆ ಮಿತಿಯೊಳಗೆ ಉಳಿಯಲು ಒತ್ತಡವನ್ನು 120ಕ್ಕೆ ಇಳಿಸಬೇಕಾಯಿತು. ಆಗ ಇಳಿತ 24 ಮಿಲಿಮೀಟರ್.

ಮಾಲೀಕರಿಗೆ ಕೊಡಬೇಕಾದ ಸಂಖ್ಯೆ 120 ಒಂದೇ. 517ನ್ನು ಸಾರಾಂಶದಲ್ಲಿ ಎಲ್ಲಿಯೂ ಬರೆಯಬೇಡಿರಿ. ಅದು ಕಣ್ಣಿಗೆ ಬಿದ್ದರೆ, ಮಣ್ಣಿಗೆ ಇನ್ನೂ ನಾಲ್ಕು ಪಟ್ಟು ತಾಕತ್ತು ಉಳಿದಿದೆ, ಎಂಜಿನಿಯರ್ ಅತಿಯಾಗಿ ಹೆದರಿದ್ದಾರೆ ಎಂದು ಅನ್ನಿಸುವುದು ಸಹಜ. ಇನ್ನೊಂದು ಅಂತಸ್ತು ಏರಿಸುವ ಯೋಚನೆಯೂ ಅಲ್ಲಿಂದಲೇ ಹುಟ್ಟುತ್ತದೆ. ಸುರಕ್ಷತಾ ಗುಣಕ 3 ಎಂಬುದನ್ನು ಚೌಕಾಸಿಗೆ ಬಿಟ್ಟ ಜಾಗವೆಂದು ತಿಳಿದ ಮಾಲೀಕರನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಮಣ್ಣಿನ ಬಲ ಒಂದು ಮೀಟರ್‌ನಿಂದ ಇನ್ನೊಂದಕ್ಕೆ ಬದಲಾಗುತ್ತದೆ, ಮಾದರಿಯನ್ನು ಹೊರತೆಗೆಯುವಾಗ ಅದು ಕದಡುತ್ತದೆ, ಮಳೆಗಾಲದಲ್ಲಿ ಮೆತ್ತಗಾಗುತ್ತದೆ, ಸೂತ್ರವೂ ಒಂದು ಅಂದಾಜೇ. ಆ ಎಲ್ಲ ಅನಿಶ್ಚಯಗಳು ಆ ಮೂರು ಪಟ್ಟಿನಲ್ಲಿ ಆಗಲೇ ಖರ್ಚಾಗಿವೆ. ಇದನ್ನು ಮಾಲೀಕರಿಗೆ ಹೇಳುವುದಾದರೆ ಒಂದೇ ವಾಕ್ಯ ಸಾಕು: "ಮಣ್ಣು ಮುರಿಯುವ ಭಯದಿಂದ ಈ ಸಂಖ್ಯೆ ಬಂದಿಲ್ಲ, ಕಟ್ಟಡ ಎಷ್ಟು ಇಳಿದರೆ ಗೋಡೆ ಬಿರುಕು ಬಿಡದು ಎಂಬ ಲೆಕ್ಕದಿಂದ ಬಂದಿದೆ." ಇದರಿಂದ ಅವರಿಗೆ ಇನ್ನೊಂದು ಉಪಯುಕ್ತ ವಿಷಯವೂ ತಿಳಿಯುತ್ತದೆ: ಒತ್ತಡ ಸ್ವಲ್ಪ ಮೀರಿದರೆ ಕಟ್ಟಡ ಉರುಳುವುದಿಲ್ಲ, ಆದರೆ ಬಾಗಿಲು ಸಿಕ್ಕಿಕೊಳ್ಳುತ್ತದೆ, ಗೋಡೆಯಲ್ಲಿ ಓರೆ ಬಿರುಕು ಕಾಣಿಸುತ್ತದೆ, ಅದೂ ಜೇಡಿಮಣ್ಣು ನಿಧಾನವಾಗಿ ಅದುಮಿಕೊಳ್ಳುವುದರಿಂದ ಕೆಲವೊಮ್ಮೆ ವಾಸಕ್ಕೆ ಬಂದು ವರ್ಷಗಳಾದ ಮೇಲೆ.

ಇಲ್ಲಿ ಒಂದು ಪದದ ಬಗ್ಗೆ ಎಚ್ಚರಿಕೆ ಹೇಳಬೇಕು. ನಿಮ್ಮ ವರದಿಯಲ್ಲಿ "ನಿರೀಕ್ಷಿತ ಕುಸಿತ 24 ಮಿ.ಮೀ." ಎಂದಿದೆ. ನಮ್ಮ ವೃತ್ತಿಯಲ್ಲಿ ಸೆಟಲ್‌ಮೆಂಟ್‌ಗೆ ಕುಸಿತ ಎನ್ನುವುದು ರೂಢಿ, ಆದರೆ ಕಟ್ಟಡ ಕುಸಿಯಿತು ಎಂದರೆ ಕನ್ನಡ ಓದುಗರ ಕಣ್ಣಿಗೆ ಬರುವುದು ಮಣ್ಣಿನ ರಾಶಿ ಮತ್ತು ರಕ್ಷಣಾ ಕಾರ್ಯ. ತನ್ನ ಮನೆಗೆ "ಕುಸಿತ" ನಿರೀಕ್ಷಿತ ಎಂದು ಓದಿದ ಮಾಲೀಕರು ರಾತ್ರಿ ನಿದ್ದೆ ಮಾಡುವುದಿಲ್ಲ. ಸಾರಾಂಶದಲ್ಲಿ "ಇಳಿತ" ಎಂದು ಬರೆಯಿರಿ, ಮೊದಲ ಸಲ ಬಳಸುವಾಗ "ಭಾರಕ್ಕೆ ಮಣ್ಣು ಅದುಮಿಕೊಂಡು ಪಾಯ ತುಸು ಕೆಳಗೆ ಕೂರುವುದು" ಎಂದು ಬಿಡಿಸಿ ಹೇಳಿರಿ, ಎಲ್ಲ ಕಟ್ಟಡಗಳೂ ಸ್ವಲ್ಪ ಇಳಿದೇ ಇಳಿಯುತ್ತವೆ ಎಂಬುದನ್ನೂ ಸೇರಿಸಿರಿ. ಹಾಗೆಯೇ ಕಿಲೋಪ್ಯಾಸ್ಕಲ್ ಅವರಿಗೆ ಏನನ್ನೂ ಹೇಳುವುದಿಲ್ಲ. 120 ಕಿಲೋಪ್ಯಾಸ್ಕಲ್ ಎಂದರೆ ಪ್ರತಿ ಚದರ ಮೀಟರ್‌ಗೆ ಸುಮಾರು 12 ಟನ್. ಎರಡನ್ನೂ ಜೊತೆಗೇ ಬರೆಯಿರಿ, ಏಕೆಂದರೆ ಅದೇ ಕಾಗದ ಸ್ಟ್ರಕ್ಚರಲ್ ಎಂಜಿನಿಯರ್ ಕೈಗೂ ಹೋಗುತ್ತದೆ. ಅವರಿಗಾಗಿ "ನಿವ್ವಳ" ಎಂಬ ಪದವನ್ನು ಉಳಿಸಿಕೊಳ್ಳಿರಿ. ಅಗೆದು ತೆಗೆದ ಮಣ್ಣಿನ ತೂಕವನ್ನು ಲೆಕ್ಕಕ್ಕೆ ಹಿಡಿದಾಗಿದೆ ಎಂಬುದು ಅವರಿಗೆ ಆ ಒಂದು ಪದದಿಂದಲೇ ತಿಳಿಯುತ್ತದೆ. ನಿಮ್ಮ ಲೆಕ್ಕದ ಹಾಳೆಯಲ್ಲಿ 123.6 ಎಂದು ಬಂದದ್ದನ್ನು 120 ಎಂದು ಬರೆದಿದ್ದೀರಿ, ಅದು ಒಳ್ಳೆಯದು. ದಶಮಾಂಶ ಕಂಡರೆ ನಾವು ಮಣ್ಣನ್ನು ಅಷ್ಟು ನಿಖರವಾಗಿ ಬಲ್ಲೆವು ಎಂಬ ತಪ್ಪು ನಂಬಿಕೆ ಹುಟ್ಟುತ್ತದೆ.

ಇನ್ನು ಬಿಡಲೇಬಾರದ ಸಂಗತಿ. 120 ಎಂಬುದು ಆ ನಿವೇಶನದ ಗುಣವಲ್ಲ, ಒಂದು ನಿರ್ದಿಷ್ಟ ಆಳದಲ್ಲಿ, ಒಂದು ನಿರ್ದಿಷ್ಟ ಮಣ್ಣಿನ ಮೇಲೆ ಕೂತ, ಒಂದು ನಿರ್ದಿಷ್ಟ ಅಗಲದ ಫೂಟಿಂಗ್‌ಗೆ ಸೇರಿದ ಸಂಖ್ಯೆ. ವೃತ್ತಿಯ ಆರಂಭದಲ್ಲಿ ನಾನು ಇದನ್ನು ಅರಿಯದೆ ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಒಂದು ಗೋದಾಮಿನ ವರದಿಗೆ ನಾನು ಬರೆದ ಮುಖಪುಟದಲ್ಲಿ "ಶಿಫಾರಸು ಮಾಡಿದ ಭಾರ ಹೊರುವ ಸಾಮರ್ಥ್ಯ 150 ಕಿಲೋಪ್ಯಾಸ್ಕಲ್" ಎಂಬ ಒಂದು ಸಾಲು ಮಾತ್ರ ಇತ್ತು. ಆಳವನ್ನು ಒಳಗೆ 31ನೆಯ ಪುಟದಲ್ಲಿ ಬರೆದಿದ್ದೆ. ಮಾಲೀಕರು ಮುಖಪುಟದ ಆ ಸಾಲನ್ನು ಫೋನಿನಲ್ಲಿ ಗುತ್ತಿಗೆದಾರರಿಗೆ ಓದಿ ಹೇಳಿದರು. ನಾನು ಎರಡು ವಾರ ಬಿಟ್ಟು ಹೋಗಿ ನೋಡಿದಾಗ 0.9 ಮೀಟರ್ ಆಳದಲ್ಲಿ, ಭರ್ತಿ ಮಣ್ಣಿನ ಮೇಲೆಯೇ, ಆರು ಫೂಟಿಂಗ್‌ಗಳಿಗೆ ಕಾಂಕ್ರೀಟ್ ಹಾಕಿಯಾಗಿತ್ತು. ಸಂಖ್ಯೆಯನ್ನು ಅವರು ಚಾಚೂ ತಪ್ಪದೆ ಪಾಲಿಸಿದ್ದರು. ಆ ಆರನ್ನೂ ಒಡೆದು ತೆಗೆಯಬೇಕಾಯಿತು. ಅಂದಿನಿಂದ ನಾನು ಸಾಮರ್ಥ್ಯದ ಸಂಖ್ಯೆಯನ್ನು ಎಂದೂ ಒಂಟಿಯಾಗಿ ಬರೆಯುವುದಿಲ್ಲ. ಆಳ, ಮಣ್ಣಿನ ಗುರುತು, ಅಗಲದ ಮಿತಿ ಮೂರೂ ಅದೇ ವಾಕ್ಯದೊಳಗೆ ಇರುತ್ತವೆ. ಅವನ್ನು ಮುಂದಿನ ವಾಕ್ಯಕ್ಕೆ ಕೂಡ ದಾಟಿಸುವುದಿಲ್ಲ, ಏಕೆಂದರೆ ಜನ ಒಂದು ವಾಕ್ಯವನ್ನಷ್ಟೇ ಎತ್ತಿಕೊಂಡು ಹೋಗುತ್ತಾರೆ.

ಅಗಲದ ಮಿತಿಯನ್ನು ಮಾಲೀಕರು ಪ್ರಶ್ನಿಸುವ ಸಾಧ್ಯತೆ ಹೆಚ್ಚು. ಫೂಟಿಂಗ್ ದೊಡ್ಡದಾದಷ್ಟೂ ಒಳ್ಳೆಯದಲ್ಲವೇ ಎಂದು ಕೇಳುತ್ತಾರೆ. ಅದೇ ಭಾರವನ್ನು ದೊಡ್ಡ ಫೂಟಿಂಗ್ ಮೇಲೆ ಹರಡಿದರೆ ಹೌದು, ಒಳ್ಳೆಯದೇ. ಆದರೆ ಒಂದು ಕಾಲಂಗೆ ಹೆಚ್ಚು ಭಾರ ಬಂದು, ಅದೇ 120 ಕಿಲೋಪ್ಯಾಸ್ಕಲ್ ಹಿಡಿದು 3 ಮೀಟರ್ ಚೌಕದ ಫೂಟಿಂಗ್ ಮಾಡಿದರೆ ಇಳಿತ 24ರಲ್ಲಿ ನಿಲ್ಲುವುದಿಲ್ಲ, ನಿಮ್ಮದೇ ವಿಧಾನದಲ್ಲಿ ಲೆಕ್ಕ ಹಾಕಿದರೆ ಸುಮಾರು 32 ಮಿಲಿಮೀಟರ್ ಆಗುತ್ತದೆ. ಅಗಲವಾದ ಫೂಟಿಂಗ್‌ನ ಒತ್ತಡ ಹೆಚ್ಚು ಆಳದವರೆಗೆ ಮುಟ್ಟಿ, ಜೇಡಿಪದರದ ಹೆಚ್ಚಿನ ಭಾಗವನ್ನು ಅದುಮುತ್ತದೆ. 3 ಮೀಟರ್ ಫೂಟಿಂಗ್‌ಗೆ 25 ಮಿಲಿಮೀಟರ್ ಮಿತಿ ಕಾಯ್ದುಕೊಳ್ಳಬೇಕಾದರೆ ಒತ್ತಡ ಸುಮಾರು 90 ಕಿಲೋಪ್ಯಾಸ್ಕಲ್‌ಗೆ ಇಳಿಯಬೇಕು. ಈ ವಿವರಣೆ ಎಲ್ಲ ಮಾಲೀಕರಿಗೂ ಬೇಕಿಲ್ಲ. ನಿಮ್ಮ ಕಟ್ಟಡದಲ್ಲಿ 2 ಮೀಟರ್ ಚೌಕ ಸಾಕಾಗುತ್ತದೆ, 460 ಕಿಲೋನ್ಯೂಟನ್‌ನ್ನು 4 ಚದರ ಮೀಟರ್‌ಗೆ ಹಂಚಿದರೆ 115 ಬರುತ್ತದೆ. ಆದ್ದರಿಂದ "2 ಮೀಟರ್‌ಗಿಂತ ಅಗಲವಾದ ಫೂಟಿಂಗ್ ಅಥವಾ ಇನ್ನೊಂದು ಅಂತಸ್ತು ಬೇಕಾದರೆ ಈ ಸಂಖ್ಯೆಯನ್ನು ಬಳಸದೆ ನಮ್ಮನ್ನು ಕೇಳಬೇಕು" ಎಂದು ಬರೆದರೆ ಸಾಕು.

ಮೂರನೆಯ ಬೋರ್‌ನ ಬಗ್ಗೆ ನಿಮ್ಮ ವರದಿಯ ಭಾಷೆ ನನಗೆ ತೃಪ್ತಿ ತರಲಿಲ್ಲ. "ನಿವೇಶನದಲ್ಲಿ ಭರ್ತಿಯ ದಪ್ಪ 1.2ರಿಂದ 2.8 ಮೀಟರ್, ಸರಾಸರಿ 1.7 ಮೀಟರ್" ಎಂದಿದೆ. ಲೆಕ್ಕ ತಪ್ಪಿಲ್ಲ, ಆದರೆ ಆ ಸರಾಸರಿ ದಪ್ಪ ನಿವೇಶನದ ಯಾವ ಮೂಲೆಯಲ್ಲೂ ಇಲ್ಲ. ಓದಿದ ಮಾಲೀಕರು ಎಲ್ಲ ಕಡೆ 1.7 ಮೀಟರ್ ಅಗೆದರೆ ಸಾಕು ಎಂದುಕೊಳ್ಳುತ್ತಾರೆ. ಹಾಗೆ ಮಾಡಿದರೆ ಎರಡು ಬೋರ್‌ಗಳ ಕಡೆ ಅಗೆತ ಬೇಕಾದದ್ದಕ್ಕಿಂತ ಹೆಚ್ಚಾಗುತ್ತದೆ, ಮೂರನೆಯ ಮೂಲೆಯಲ್ಲಿ ಫೂಟಿಂಗ್‌ನ ಕೆಳಗೆ ಇನ್ನೂ 1.1 ಮೀಟರ್ ಕಸ ತುಂಬಿದ ಮಣ್ಣು ಉಳಿಯುತ್ತದೆ. ಬೋರ್‌ಗಳ ಫಲಿತಾಂಶ ಹೀಗೆ ಬೇರೆ ಬೇರೆಯಾದಾಗ ಸಾರಾಂಶದಲ್ಲಿ ಸರಾಸರಿಗೆ ಜಾಗವಿಲ್ಲ. ಯಾವ ಮೂಲೆ ಎಂಬುದನ್ನು ಮಾಲೀಕರು ಗುರುತಿಸುವ ಹಾಗೆ, ರಸ್ತೆಯ ಕಡೆಯ ಎಡಮೂಲೆ ಎಂಬಂತೆ, ಬರೆಯಿರಿ. ಬೋರ್ ಸಂಖ್ಯೆ 3 ಎಂದರೆ ಅವರಿಗೆ ತಿಳಿಯದು. ಒಂದು ಕೈಬರಹದ ನಕ್ಷೆಯಲ್ಲಿ ಕಟ್ಟಡದ ಆಯತ, ಮೂರು ಚುಕ್ಕೆ, ಆ ಮೂಲೆಗೆ ಅಡ್ಡಗೆರೆ ಎಳೆದ ಗುರುತು ಇದ್ದರೆ ಅರ್ಧ ಪುಟದ ಮಾತು ಉಳಿಯುತ್ತದೆ.

ಆ ಮೂಲೆಯ ಅಪಾಯವನ್ನು ಮಾಲೀಕರಿಗೆ ಮನದಟ್ಟು ಮಾಡಿಸಲು ನಾನು ಪೆಟ್ಟುಗಳ ಎಣಿಕೆಯನ್ನು ಬಳಸುತ್ತೇನೆ. ಎಸ್‌ಪಿಟಿಯ ಎನ್ ಮೌಲ್ಯ ಎಂದರೆ ಅವರಿಗೆ ಹೊಳೆಯದು, ಆದರೆ ಅದು ಬಹಳ ಸರಳವಾದ ಕ್ರಿಯೆ. 63.5 ಕಿಲೋ ತೂಕದ ಸುತ್ತಿಗೆಯನ್ನು 76 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತಾ, ಮಾದರಿ ತೆಗೆಯುವ ಕೊಳವೆ 30 ಸೆಂಟಿಮೀಟರ್, ಅಂದರೆ ಸುಮಾರು ಒಂದು ಅಡಿ, ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸುತ್ತೇವೆ. ನಿಮ್ಮ ಜೇಡಿಮಣ್ಣಿನಲ್ಲಿ 12ರಿಂದ 15 ಪೆಟ್ಟು ಬೇಕಾಗಿವೆ, ಆ ಮೂಲೆಯ ಭರ್ತಿಯಲ್ಲಿ 3 ಅಥವಾ 4 ಪೆಟ್ಟಿಗೇ ಕೊಳವೆ ಇಳಿದುಬಿಟ್ಟಿದೆ. ಇದನ್ನು ಹೇಳಿದರೆ ಯಾರಿಗಾದರೂ ವ್ಯತ್ಯಾಸ ಕೈಗೆ ಸಿಕ್ಕಂತಾಗುತ್ತದೆ.

ಆಮೇಲೆ ಪರಿಣಾಮವನ್ನು ಹೇಳಬೇಕು. ಇಂಥ ಭರ್ತಿ ಎಷ್ಟು ಇಳಿಯುತ್ತದೆ ಎಂಬುದನ್ನು ಯಾವ ಸೂತ್ರವೂ ನಂಬಿಕೆಯಿಂದ ಹೇಳಲಾರದು. ಒಣಗಿದ್ದಾಗ ನೆಟ್ಟಗೆ ನಿಂತ ಮಣ್ಣು ನೆನೆದಾಗ ಮೇಲಿನ ಭಾರ ಹೆಚ್ಚದಿದ್ದರೂ ಇಳಿಯುತ್ತದೆ, ಬೇರು ಕೊಳೆತಂತೆ ಒಳಗೆ ಪೊಳ್ಳು ಬೀಳುತ್ತದೆ. ಒಂದು ಪಕ್ಷ ಅಲ್ಲಿನ ಫೂಟಿಂಗ್ 50 ಮಿಲಿಮೀಟರ್ ಇಳಿಯಿತು, ಪಕ್ಕದ ಕಾಲಂ 24 ಮಿಲಿಮೀಟರ್ ಇಳಿಯಿತು ಎಂದುಕೊಳ್ಳೋಣ. ನಡುವಿನ ಅಂತರ 26 ಮಿಲಿಮೀಟರ್, ದೂರ 4.5 ಮೀಟರ್, ಅಂದರೆ ಓರೆ ಸುಮಾರು 173ಕ್ಕೆ 1. ಓರೆ 300ಕ್ಕೆ 1ನ್ನು ಮೀರಿದರೆ ಗೋಡೆಗಳಲ್ಲಿ ಬಿರುಕು, 150ಕ್ಕೆ 1ನ್ನು ಮುಟ್ಟಿದರೆ ಕಾಲಂ ತೊಲೆಗಳಿಗೇ ಪೆಟ್ಟು ಎಂಬುದು 1956ರಲ್ಲಿ ಸ್ಕೆಂಪ್ಟನ್ ಮತ್ತು ಮ್ಯಾಕ್‌ಡೊನಾಲ್ಡ್ ಅನೇಕ ಕಟ್ಟಡಗಳನ್ನು ಪರಿಶೀಲಿಸಿ ಕೊಟ್ಟ, ಇಂದಿಗೂ ಬಳಕೆಯಲ್ಲಿರುವ ಅಳತೆಗೋಲು. ನಿಮ್ಮ ಕಟ್ಟಡದ 4.5 ಮೀಟರ್‌ಗೆ ಮೊದಲ ಮಿತಿ 15 ಮಿಲಿಮೀಟರ್ ಮಾತ್ರ. ಮಾಲೀಕರಿಗೆ ಹೇಳಬೇಕಾದದ್ದು ಇಷ್ಟೇ: ಇಡೀ ಕಟ್ಟಡ ಒಟ್ಟಿಗೆ 24 ಮಿಲಿಮೀಟರ್ ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಒಂದು ಮೂಲೆ ಪಕ್ಕದ್ದಕ್ಕಿಂತ 15 ಮಿಲಿಮೀಟರ್ ಹೆಚ್ಚು ಇಳಿದರೆ ಗೋಡೆ ಹೇಳುತ್ತದೆ.

ಪರಿಹಾರವನ್ನೂ ಮಾಲೀಕರು ಆರಿಸಿಕೊಳ್ಳುವ ರೂಪದಲ್ಲಿ ಕೊಡಿರಿ. ಒಂದು, ಆ ಮೂಲೆಯ ಫೂಟಿಂಗ್‌ಗಳನ್ನು 3 ಮೀಟರ್ ಆಳಕ್ಕೆ ಇಳಿಸಿ ಜೇಡಿಮಣ್ಣಿನ ಮೇಲೆ ಕೂರಿಸುವುದು, ಅಲ್ಲಿ ಕಾಲಂ ಉದ್ದವಾಗುತ್ತದೆ. ಇನ್ನೊಂದು, ಭರ್ತಿಯನ್ನು ಪೂರ್ತಿ ತೆಗೆದು, 3 ಮೀಟರ್‌ನಿಂದ 1.5 ಮೀಟರ್‌ವರೆಗೆ ಸಾದಾ ಕಾಂಕ್ರೀಟ್ ತುಂಬಿ, ಅದರ ಮೇಲೆ ಉಳಿದವುಗಳ ಮಟ್ಟದಲ್ಲೇ ಫೂಟಿಂಗ್ ಇಡುವುದು. ನನ್ನ ಒಲವು ಎರಡನೆಯದರ ಕಡೆಗೆ, ಏಕೆಂದರೆ ಆಳದ ಗುಂಡಿ ತೆರೆದಿರುವ ಕಾಲ ಕಡಿಮೆಯಾಗುತ್ತದೆ. ಬೇಸಗೆಯಲ್ಲೇ ನೀರು 3.4 ಮೀಟರ್‌ನಲ್ಲಿ ಇದ್ದ ಮೇಲೆ ಮಳೆಗಾಲದಲ್ಲಿ ಅದು 3 ಮೀಟರ್‌ಗಿಂತ ಮೇಲೆ ಬರುವ ಸಾಧ್ಯತೆಯನ್ನು ಹಿಡಿದೇ ನಡೆಯಬೇಕು. ನೀರು ನಿಂತ ಗುಂಡಿಯ ತಳದಲ್ಲಿ ಬಿಗಿಯಾದ ಜೇಡಿಯೂ ಒಂದೆರಡು ದಿನದಲ್ಲಿ ಕೆಸರಾಗುತ್ತದೆ, ಆಗ ನಮ್ಮ 120ಕ್ಕೆ ಆಧಾರವಿರುವುದಿಲ್ಲ. "ಈ ಮೂಲೆಯ ಅಗೆತವನ್ನು ಮಳೆಗೆ ಮೊದಲು ಮುಗಿಸಿ" ಎಂಬ ಒಂದು ಸಾಲು ಮಾಲೀಕರಿಗೆ ಜೇಡಿಮಣ್ಣಿನ ಎಲ್ಲ ಪರೀಕ್ಷೆಗಳಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ನಮಗೆ ತಿಳಿಯದ್ದನ್ನು ಹೇಳುವ ಭಾಗವನ್ನು ಹೆಚ್ಚಿನವರು ವರದಿಯ ಕೊನೆಗೆ, ಸಣ್ಣ ಅಕ್ಷರದಲ್ಲಿ, ಕಾನೂನಿನ ಭಾಷೆಯಲ್ಲಿ ಬರೆಯುತ್ತಾರೆ. ಅದು ತಮ್ಮ ರಕ್ಷಣೆಗೆ ಬರೆದದ್ದೆಂದು ಮಾಲೀಕರಿಗೆ ಗೊತ್ತಾಗಿ, ಅವರು ಅದನ್ನು ಓದುವುದಿಲ್ಲ. ಬದಲಿಗೆ ಅಳತೆಯಿಂದ ಹೇಳಿರಿ. 15 ಸೆಂಟಿಮೀಟರ್ ವ್ಯಾಸದ ಮೂರು ಬೋರ್‌ಗಳು ಸೇರಿ ನೋಡಿದ್ದು 216 ಚದರ ಮೀಟರ್ ಜಾಗದಲ್ಲಿ ಸುಮಾರು ನಾಲ್ಕು ಸಾವಿರದಲ್ಲಿ ಒಂದು ಪಾಲನ್ನು ಮಾತ್ರ. ಕಪ್ಪು ಭರ್ತಿ ಆ ಮೂಲೆಯಿಂದ ಎಷ್ಟು ದೂರ ಹಬ್ಬಿದೆ, ಒಂದು ಕಾಲಂವರೆಗೋ ನಾಲ್ಕು ಕಾಲಂವರೆಗೋ, ಎಂಬುದು ಈ ಪಾಲಿನಿಂದ ತಿಳಿಯುವುದಿಲ್ಲ. ಅದಕ್ಕೆ ಪರಿಹಾರವೂ ಸುಲಭ: ಆ ಮೂಲೆಯಿಂದ ಎರಡೂ ದಿಕ್ಕಿಗೆ, ಪ್ರತಿ ಕಾಲಂ ಜಾಗದಲ್ಲಿ, ಕೆಂಗಂದು ಜೇಡಿ ಸಿಗುವವರೆಗೆ ಅಗೆಯುವ ಯಂತ್ರದಿಂದ ಪರೀಕ್ಷಾ ಗುಂಡಿ ತೆಗೆಸಿ ನೋಡುವುದು. ಒಂದು ದಿನದ ಕೆಲಸ. ಕಾಲಂ ಜಾಗದಲ್ಲೇ ತೆಗೆದ ಗುಂಡಿಯನ್ನು ಸಡಿಲ ಮಣ್ಣಿನಿಂದ ಮುಚ್ಚಬಾರದು ಎಂಬುದನ್ನು ಮಾತ್ರ ಮರೆಯದೆ ಬರೆಯಿರಿ. ಇಲ್ಲವಾದರೆ ನಾವೇ ಹೊಸ ಭರ್ತಿಯನ್ನು ಮಾಡಿದಂತಾಗುತ್ತದೆ.

ಇಷ್ಟನ್ನೂ ಸೇರಿಸಿದರೆ ನಿಮ್ಮ ಮೊದಲ ಪುಟ ಹೆಚ್ಚುಕಡಿಮೆ ಹೀಗೆ ಇರಬಹುದು:

"ನಿಮ್ಮ ಮೂರು ಅಂತಸ್ತಿನ ಕಟ್ಟಡಕ್ಕೆ ಪ್ರತಿ ಕಾಲಂ ಕೆಳಗೆ ಬಿಡಿ ಫೂಟಿಂಗ್ ಸಾಕು, ಪೈಲ್ ಬೇಕಿಲ್ಲ. ಈಗಿನ ನೆಲಮಟ್ಟದಿಂದ ಕನಿಷ್ಠ 1.5 ಮೀಟರ್ ಆಳದಲ್ಲಿ, ಕೆಂಗಂದು ಬಣ್ಣದ ಬಿಗಿಯಾದ ಜೇಡಿಮಣ್ಣಿನ ಮೇಲೆ ಕೂತ, 2 ಮೀಟರ್‌ಗಿಂತ ಅಗಲವಲ್ಲದ ಫೂಟಿಂಗ್‌ನ ಮೇಲೆ ಪ್ರತಿ ಚದರ ಮೀಟರ್‌ಗೆ 12 ಟನ್‌ವರೆಗೆ (ನಿವ್ವಳ 120 ಕಿಲೋಪ್ಯಾಸ್ಕಲ್) ಭಾರ ಹಾಕಬಹುದು. ಹೀಗೆ ಕಟ್ಟಿದರೆ ಕಟ್ಟಡವು ಕಾಲಕ್ರಮೇಣ 25 ಮಿಲಿಮೀಟರ್‌ನೊಳಗೆ ಇಳಿಯುತ್ತದೆ. ಇದು ಸಹಜವಾದದ್ದು, ಇದರಿಂದ ಗೋಡೆಗಳಿಗೆ ತೊಂದರೆಯಾಗುವ ನಿರೀಕ್ಷೆ ಇಲ್ಲ.

ರಸ್ತೆಯ ಕಡೆಯ ಎಡಮೂಲೆಯಲ್ಲಿ ಹಿಂದೆ ಯಾವುದೋ ತಗ್ಗನ್ನು ಕಸಮಣ್ಣಿನಿಂದ ತುಂಬಿದಂತೆ ಕಾಣುತ್ತದೆ. ಅಲ್ಲಿ ಒಳ್ಳೆಯ ಮಣ್ಣು 2.8 ಮೀಟರ್ ಆಳದಲ್ಲಿ ಸಿಗುತ್ತದೆ. ಆ ಮೂಲೆಯಲ್ಲಿ 1.5 ಮೀಟರ್‌ಗೆ ನಿಲ್ಲಿಸಿದರೆ ಆ ಭಾಗ ಉಳಿದದ್ದಕ್ಕಿಂತ ಹೆಚ್ಚು ಇಳಿದು ಗೋಡೆಗಳು ಬಿರುಕು ಬಿಡುತ್ತವೆ. ಅಲ್ಲಿ 3 ಮೀಟರ್‌ವರೆಗೆ ಅಗೆದು ಸಾದಾ ಕಾಂಕ್ರೀಟ್ ತುಂಬಬೇಕು ಅಥವಾ ಫೂಟಿಂಗ್‌ನ್ನೇ ಆ ಆಳಕ್ಕೆ ಇಳಿಸಬೇಕು. ಈ ಕೆಲಸವನ್ನು ಮಳೆಗೆ ಮೊದಲು ಮುಗಿಸಿ.

ಕಸಮಣ್ಣು ಎಷ್ಟು ದೂರ ಹಬ್ಬಿದೆ ಎಂಬುದು ಮೂರು ಬೋರ್‌ಗಳಿಂದ ತಿಳಿಯಲಿಲ್ಲ. ಕೆಲಸ ಆರಂಭಿಸುವ ಮೊದಲು ಆ ಮೂಲೆಯ ಸುತ್ತ ಪರೀಕ್ಷಾ ಗುಂಡಿಗಳನ್ನು ತೆಗೆಸಬೇಕು. ಪ್ರತಿ ಫೂಟಿಂಗ್‌ನ ಗುಂಡಿ ಅಗೆದ ಮೇಲೆ, ಕಾಂಕ್ರೀಟ್ ಹಾಕುವ ಮೊದಲು, ನಮ್ಮ ಎಂಜಿನಿಯರ್ ಬಂದು ತಳದ ಮಣ್ಣನ್ನು ನೋಡಬೇಕು. ಅಂತಸ್ತು ಹೆಚ್ಚಿಸುವುದಾದರೆ, ನೆಲಮಾಳಿಗೆ ಸೇರಿಸುವುದಾದರೆ ಅಥವಾ ಕಟ್ಟಡದ ಜಾಗ ಬದಲಿಸುವುದಾದರೆ ಈ ಶಿಫಾರಸು ಅನ್ವಯಿಸುವುದಿಲ್ಲ."

ಕಾಗದವನ್ನು ಕಳಿಸಿ ಸುಮ್ಮನಾಗಬೇಡಿರಿ. ಮಾಲೀಕರ ಜೊತೆ ಹತ್ತು ನಿಮಿಷ ಕೂತು, ಗುತ್ತಿಗೆದಾರರಿಗೆ ನೀವು ಇದನ್ನು ಹೇಗೆ ಹೇಳುತ್ತೀರಿ ಎಂದು ಕೇಳಿರಿ. ಅವರು "12 ಟನ್" ಎಂದಷ್ಟೇ ಹೇಳಿದರೆ ವಾಕ್ಯವನ್ನು ತಿದ್ದಬೇಕು. "ಒಂದೂವರೆ ಮೀಟರ್, ಕೆಂಗಂದು ಜೇಡಿ, ಎಡಮೂಲೆ ಬೇರೆ" ಎಂದರೆ ಸಂಖ್ಯೆ ಮರೆತರೂ ಚಿಂತೆಯಿಲ್ಲ.

ಗುಂಡಿಯ ತಳವನ್ನು ನೋಡುವ ದಿನ ಮಾಲೀಕರನ್ನೂ ಕರೆಯಿರಿ. ಹೊಸದಾಗಿ ಕೆರೆದ ತಳದ ಮೇಲೆ ಹೆಬ್ಬೆರಳನ್ನು ಒತ್ತಲು ಹೇಳಿರಿ. ಈ ಬಿಗಿಯ ಜೇಡಿಯಲ್ಲಿ ಬೆರಳಿನ ಗುರುತು ಮೂಡುತ್ತದೆ, ಆದರೆ ಎಷ್ಟು ಬಲ ಹಾಕಿದರೂ ಬೆರಳು ಒಳಗೆ ಹೋಗುವುದು ಕಷ್ಟ. ಎಡಮೂಲೆಯ ಕಪ್ಪು ಮಣ್ಣಿನಲ್ಲಿ ಅದೇ ಬೆರಳು ಗೆಣ್ಣಿನವರೆಗೆ ಹೋಗಿ, ಹೊರತೆಗೆದಾಗ ಉಗುರಿನ ಸಂದಿಯಲ್ಲಿ ಇಟ್ಟಿಗೆಯ ಕೆಂಪು ಪುಡಿ ಉಳಿದಿರುತ್ತದೆ.